ಹುಡುಕುವ ಪದ, ಕೊಳ್ಳುವ ಕಾರಣ: ಸರಕಿನ ಪುಟದ ಐದು ಸಾಲುಗಳು

ಅಮೆಜಾನ್‌ನಲ್ಲಿ ಯಾವುದೇ ಸರಕಿನ ಪುಟ ತೆರೆದರೂ ಹೆಸರು, ಚಿತ್ರ, ಬೆಲೆಗಳ ಜೊತೆಗೆ ಚುಕ್ಕಿ ಇಟ್ಟ ಕೆಲವು ಸಾಲುಗಳು ಕಾಣುತ್ತವೆ. ಮಾರಾಟಗಾರರು ಇವನ್ನು ಬುಲೆಟ್ ಪಾಯಿಂಟ್ ಎನ್ನುತ್ತಾರೆ. ಸಾಮಾನ್ಯವಾಗಿ ಐದು ಸಾಲುಗಳಿಗೆ ಜಾಗವಿರುತ್ತದೆ. ಇವನ್ನು ಇಬ್ಬರು ಓದುತ್ತಾರೆ. ಒಂದು, ಗ್ರಾಹಕರು ಟೈಪ್ ಮಾಡಿದ ಪದಕ್ಕೆ ಹೊಂದುವ ಸರಕನ್ನು ಹುಡುಕುವ ಸರ್ಚ್ ವ್ಯವಸ್ಥೆ. ಇನ್ನೊಂದು, ಕೊಳ್ಳಲೋ ಬೇಡವೋ ಎಂದು ಯೋಚಿಸುತ್ತಿರುವ ಮನುಷ್ಯ. ಮೊದಲನೆಯದಕ್ಕೆ ಪದ ಇದ್ದರೆ ಸಾಕು. ಎರಡನೆಯವರಿಗೆ ಆ ಪದದಿಂದ ತಮಗೇನು ಸಿಗುತ್ತದೆ ಎಂಬುದು ತಿಳಿಯಬೇಕು.

ಹನ್ನೆರಡು ಇಂಚಿನ ಬೀಡಿನ ದೋಸೆ ಕಾವಲಿಯನ್ನೇ ತೆಗೆದುಕೊಳ್ಳಬಹುದು. ಇದನ್ನು ಹುಡುಕುವವರು cast iron dosa tawa ಎಂದೋ dosa kallu ಎಂದೋ ಟೈಪ್ ಮಾಡುತ್ತಾರೆ. ಕೆಲವರು pre seasoned, induction, 12 inch ಎಂದು ಸೇರಿಸುತ್ತಾರೆ. ಈ ಪದಗಳನ್ನೆಲ್ಲ ಒಂದೇ ಸಾಲಿನಲ್ಲಿ ಸುರಿಯುವ ಚಾಳಿ ಬಹಳ ಕಡೆ ಕಾಣುತ್ತದೆ: ‘ದೋಸೆ ತವಾ, ಕಾಸ್ಟ್ ಐರನ್ ತವಾ, ದೋಸಾ ಕಲ್ಲು, ಐರನ್ ತವಾ, ರೊಟ್ಟಿ ತವಾ, ನಾನ್‌ಸ್ಟಿಕ್ ತವಾ’. ಓದುವವರಿಗೆ ಇದರಿಂದ ಏನೂ ತಿಳಿಯುವುದಿಲ್ಲ. ಅದಕ್ಕಿಂತ ಕೆಟ್ಟದ್ದು ಕೊನೆಯ ಪದ. ಎಣ್ಣೆ ಹಿಡಿಸಿದ ಬೀಡಿನ ಕಾವಲಿಯಲ್ಲಿ ದೋಸೆ ಚೆನ್ನಾಗಿ ಏಳುತ್ತದೆ ನಿಜ, ಆದರೆ ಅದಕ್ಕೆ ನಾನ್‌ಸ್ಟಿಕ್ ಲೇಪನವಿಲ್ಲ. ಆ ಪದವನ್ನು ನಂಬಿ ತರಿಸಿಕೊಂಡವರು ಮೊದಲ ದೋಸೆ ಅಂಟಿದ ಕೂಡಲೇ ವಾಪಸ್ ಕಳಿಸುತ್ತಾರೆ.

ಬರೆಯುವ ಕ್ರಮ ಸರಳ. ಪದವನ್ನು ಸರಕಿನ ಒಂದು ನಿಜಾಂಶಕ್ಕೆ ಕಟ್ಟಬೇಕು, ಆ ನಿಜಾಂಶದಿಂದ ಅಡುಗೆಮನೆಯಲ್ಲಿ ಏನಾಗುತ್ತದೆ ಎಂದು ಅದೇ ಸಾಲಿನಲ್ಲಿ ಹೇಳಬೇಕು. ‘ಪ್ರೀ ಸೀಸನ್ಡ್’ ಎಂದಷ್ಟೇ ಬರೆದರೆ ಅದು ಬರೀ ಸರ್ಚ್ ಪದ. ‘ಪ್ರೀ ಸೀಸನ್ಡ್ ಕಾಸ್ಟ್ ಐರನ್: ಎಣ್ಣೆ ಸವರಿ ಹೆಚ್ಚು ಕಾವಿನಲ್ಲಿ ಹದಮಾಡಿದೆ, ತೊಳೆದು ಒರೆಸಿ, ಎಣ್ಣೆ ಹಚ್ಚಿ ಬಳಸಲು ಆರಂಭಿಸಬಹುದು’ ಎಂದರೆ, ಹೊಸ ಕಾವಲಿಯನ್ನು ದಿನಗಟ್ಟಲೆ ಪಳಗಿಸಬೇಕೇ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿತು. ಸರ್ಚ್ ಪದವೂ ಸಾಲಿನ ಮೊದಲಲ್ಲೇ ಉಳಿಯಿತು. ಫೋನಿನಲ್ಲಿ ಓದುವವರು ಸಾಲಿನ ತಲೆಯನ್ನಷ್ಟೇ ನೋಡಿ ಮುಂದೆ ಹೋಗುವುದರಿಂದ ಆ ಜಾಗಕ್ಕೆ ಬೆಲೆ ಹೆಚ್ಚು.

ಇಂಡಕ್ಷನ್ ವಿಷಯ ಸ್ವಲ್ಪ ನಾಜೂಕು. ಬೀಡು ಅಯಸ್ಕಾಂತಕ್ಕೆ ಅಂಟುವ ಲೋಹವಾದ್ದರಿಂದ ಇಂಡಕ್ಷನ್ ಒಲೆಯ ಮೇಲೆ ಕಾಯುತ್ತದೆ. ಆದರೆ ಮನೆಬಳಕೆಯ ಒಲೆಯ ಸುರುಳಿ ಹನ್ನೆರಡು ಇಂಚಿಗಿಂತ ಸಾಕಷ್ಟು ಕಿರಿದು. ನಡುಭಾಗ ಬೇಗ ಕಾದು ಅಂಚು ಹಿಂದುಳಿಯುತ್ತದೆ. ‘ಗ್ಯಾಸ್ ಮತ್ತು ಇಂಡಕ್ಷನ್ ಎರಡಕ್ಕೂ, ಇಂಡಕ್ಷನ್‌ನಲ್ಲಿ ಸಣ್ಣ ಉರಿಯಲ್ಲಿ ನಿಧಾನವಾಗಿ ಕಾಯಿಸಿದರೆ ಅಂಚಿಗೂ ಕಾವು ತಲುಪುತ್ತದೆ’ ಎಂಬ ಸಾಲು ಪದವನ್ನೂ ಕೊಡುತ್ತದೆ, ಮುಂದೆ ಬರಬಹುದಾದ ದೂರನ್ನೂ ತಡೆಯುತ್ತದೆ. ಮಿತಿಯನ್ನು ಹೇಳಿದರೆ ಮಾರಾಟ ಕೆಡುತ್ತದೆ ಎಂಬ ಭಯ ಇಲ್ಲಿ ತಪ್ಪು. ತೂಕಕ್ಕೂ ಇದೇ ಮಾತು. ತೂಗಿ ನೋಡಿ ಕೆಜಿಯಲ್ಲಿ ಬರೆದು, ಎರಡೂ ಕೈ ಬೇಕು ಎಂದರೆ ಸರಿಯಾದ ಗ್ರಾಹಕರೇ ಉಳಿಯುತ್ತಾರೆ.

ಉಳಿದ ಎರಡು ಸಾಲು ಅಳತೆಗೆ ಮತ್ತು ತೊಳೆದು ಇಡುವ ಬಗೆಗೆ ಸಾಕು. ನೀರಲ್ಲಿ ನೆನೆಹಾಕಿದರೆ ತುಕ್ಕು ಹಿಡಿಯುತ್ತದೆ ಎಂಬುದನ್ನು ಬಿಡಬಾರದು. ಒಂದು ಸಾಲು 255 ಅಕ್ಷರ ಮೀರಬಾರದೆಂದು ಅಮೆಜಾನ್ ಸೂಚಿಸುತ್ತದೆ. ಇಮೋಜಿ, ‘ಹಣ ವಾಪಸ್’ ಭರವಸೆಗಳಿಗೂ ಅಲ್ಲಿ ಜಾಗವಿಲ್ಲ. dosa kallu ಥರದ ಪರ್ಯಾಯ ಹೆಸರುಗಳು ಸಾಲಿನಲ್ಲಿ ಸಹಜವಾಗಿ ಕೂರದಿದ್ದರೆ, ಗ್ರಾಹಕರಿಗೆ ಕಾಣದ Search Terms ಎಂಬ ಅಂಕಣಕ್ಕೆ ಹಾಕಬಹುದು. ಶೀರ್ಷಿಕೆಯಲ್ಲಿ ಈಗಾಗಲೇ ಇರುವ ಪದವನ್ನು ಅಲ್ಲಿ ಮತ್ತೆ ಬರೆಯುವ ಅಗತ್ಯವಿಲ್ಲ.

ಪದ ಸರ್ಚ್‌ಗೆ ಸಿಕ್ಕಿದೆಯೇ ಎಂದು ನೋಡಲು ಮಾರಾಟಗಾರರು ಬಳಸುವ ಉಪಾಯವೊಂದಿದೆ. ಪ್ರತಿ ಸರಕಿಗೂ ASIN ಎಂಬ ಹತ್ತು ಅಕ್ಷರದ ಗುರುತು ಇರುತ್ತದೆ. ಅದರ ಜೊತೆ ಆ ಪದವನ್ನೂ ಸರ್ಚ್ ಪೆಟ್ಟಿಗೆಯಲ್ಲಿ ಟೈಪ್ ಮಾಡಿದಾಗ ಸರಕು ಬಂದರೆ ಪದ ದಾಖಲಾಗಿದೆ ಎಂದು ತಿಳಿಯುತ್ತಾರೆ. ಎಷ್ಟನೇ ಪುಟದಲ್ಲಿ ಕಾಣುತ್ತದೆ ಎಂಬುದು ಇದರಿಂದ ಗೊತ್ತಾಗದು.

ಸಾಲುಗಳು ಕೆಲಸ ಮಾಡುತ್ತಿವೆಯೇ ಎಂಬುದು ಮಾರಾಟಗಾರರ ಖಾತೆಯ ವರದಿಯಲ್ಲಿ ತಿಳಿಯುತ್ತದೆ. ಪುಟಕ್ಕೆ ಬರುವವರು ಹೆಚ್ಚಿ, ಅವರಲ್ಲಿ ಕೊಳ್ಳುವವರ ಪ್ರಮಾಣ ಇಳಿದರೆ, ಯಾವುದೋ ಪದ ಬೇರೆ ಸರಕು ಬೇಕಾದವರನ್ನು ಕರೆತರುತ್ತಿರಬಹುದು. ಬಂದವರು ಕಡಿಮೆಯಿದ್ದೂ ಕೊಳ್ಳುವ ಪ್ರಮಾಣ ಚೆನ್ನಾಗಿದ್ದರೆ ಪದಗಳ ಕೊರತೆಯನ್ನು ಶಂಕಿಸಬಹುದು. ಬೆಲೆ, ಚಿತ್ರ, ಜಾಹೀರಾತನ್ನು ಬದಲಿಸದೆ ಸಾಲನ್ನಷ್ಟೇ ತಿದ್ದಿ ಕೆಲವು ವಾರ ಕಾದರೆ ಮಾತ್ರ ಈ ಊಹೆಗೆ ಆಧಾರ ಸಿಗುತ್ತದೆ. ವಾಪಸ್ ಬಂದ ಸರಕಿನ ಕಾರಣಗಳನ್ನೂ ಜೊತೆಗೇ ಓದಬೇಕು. ‘ತುಂಬಾ ಭಾರ’ ಎಂಬ ದೂರು ಮತ್ತೆ ಮತ್ತೆ ಬಂದರೆ, ಕೆಳಗೆ ಅಡಗಿರುವ ತೂಕದ ಸಾಲನ್ನು ಎರಡನೆಯ ಸ್ಥಾನಕ್ಕೆ ತರಬೇಕು.