ಒಂದು ಲಕ್ಷದ ಜಾಯಿನಿಂಗ್ ಬೋನಸ್, ಕೈಗೆ ಇಪ್ಪತ್ತೆರಡು ಸಾವಿರ

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಒಂದೇ ತಂಡಕ್ಕೆ ಸೇರಿದ ಮೂವರಿದ್ದಾರೆ ಎಂದುಕೊಳ್ಳೋಣ. ಮೂವರ ಆಫರ್ ಲೆಟರ್‌ನಲ್ಲೂ ಒಂದೇ ಸಾಲು: ಜಾಯಿನಿಂಗ್ ಬೋನಸ್ ಒಂದು ಲಕ್ಷ ರೂಪಾಯಿ. ಕಾಲೇಜು ಮುಗಿಸಿ ಜುಲೈನಲ್ಲಿ ಬಂದ ಹುಡುಗನ ಖಾತೆಗೆ ಪೂರ್ತಿ ಒಂದು ಲಕ್ಷ ಬಿತ್ತು. ವರ್ಷಕ್ಕೆ 30 ಲಕ್ಷ ಸಂಬಳದ ಮ್ಯಾನೇಜರ್‌ಗೆ 68,800 ಸಿಕ್ಕಿತು. ಇವರಿಬ್ಬರ ನಡುವೆ ಇರುವ, ವರ್ಷಕ್ಕೆ ಹನ್ನೆರಡೂ ಮುಕ್ಕಾಲು ಲಕ್ಷ ಸಂಬಳದ ಇಂಜಿನಿಯರ್‌ಗೆ ಉಳಿದದ್ದು 22,000.

ಇಂಜಿನಿಯರ್ ಮೊದಲು ಮಾಡುವ ಕೆಲಸವೆಂದರೆ ಎಚ್‌ಆರ್‌ಗೆ ಮೇಲ್ ಬರೆಯುವುದು. ಎರಡನೆಯದು, ಕ್ಯಾಂಟೀನಿನಲ್ಲಿ ಸಹೋದ್ಯೋಗಿಗಳನ್ನು ವಿಚಾರಿಸುವುದು. ಅಲ್ಲಿ ಸಿಗುವ ಉತ್ತರ ಬಹುತೇಕ ಒಂದೇ: "ಬೋನಸ್‌ಗೆ ಟ್ಯಾಕ್ಸ್ ರೇಟೇ ಬೇರೆ ಕಣಪ್ಪ, ಮೂವತ್ತು ಪರ್ಸೆಂಟ್ ಹಿಡಿದೇ ಹಿಡೀತಾರೆ."

ಈ ಉತ್ತರ ತಪ್ಪು. ಭಾರತದಲ್ಲಿ ಜಾಯಿನಿಂಗ್ ಬೋನಸ್‌ಗೆಂದು ಪ್ರತ್ಯೇಕ ದರವಿಲ್ಲ. ಅಮೆರಿಕದಲ್ಲಿ ಬೋನಸ್ ಕೊಡುವಾಗ ಕೇಂದ್ರ ತೆರಿಗೆಯಾಗಿ ಸಾಮಾನ್ಯವಾಗಿ ನೇರ ಶೇ 22ರಷ್ಟು ಹಿಡಿದುಕೊಳ್ಳುವ ಪದ್ಧತಿಯಿದೆ. ಅಲ್ಲಿರುವ ಅಣ್ಣನೋ ಅಕ್ಕನೋ ಹೇಳಿದ ಈ ಮಾತು ಇಲ್ಲಿಗೆ ಬರುವಷ್ಟರಲ್ಲಿ ರೂಪ ಬದಲಿಸಿಕೊಂಡಿರಲೂಬಹುದು. ನಮ್ಮ ಆದಾಯ ತೆರಿಗೆ ಕಾಯ್ದೆಯ ಕಣ್ಣಿಗೆ ಜಾಯಿನಿಂಗ್ ಬೋನಸ್ ಕೂಡ ಸಂಬಳವೇ. ಕೆಲಸಕ್ಕೆ ಸೇರುವ ಮುಂಚೆಯೇ ಹಣ ಕೊಟ್ಟರೂ ಅದು ಉಡುಗೊರೆಯಾಗುವುದಿಲ್ಲ. ಸೇರುವ ಮೊದಲು ಅಥವಾ ಬಿಟ್ಟ ಮೇಲೆ ಕಂಪನಿಯಿಂದ ಬಂದ ಮೊತ್ತವನ್ನು 1961ರ ಕಾಯ್ದೆಯ 17(3)ನೇ ಸೆಕ್ಷನ್ ಸಂಬಳದ ಲೆಕ್ಕಕ್ಕೇ ಸೇರಿಸಿತ್ತು. ಅಂದರೆ ಬೋನಸ್ ಬೇರೆಯಾಗಿ ನಿಲ್ಲುವುದಿಲ್ಲ, ವರ್ಷದ ಸಂಬಳದ ಮೇಲೆ ಬಂದು ಕೂರುತ್ತದೆ. ಕೆಳಗಿನ ಸ್ಲ್ಯಾಬ್‌ಗಳನ್ನೆಲ್ಲ ಸಂಬಳ ಆಗಲೇ ತುಂಬಿಸಿರುವುದರಿಂದ ಬೋನಸ್‌ನ ಪಾಲಿಗೆ ಉಳಿಯುವುದು ತುದಿಯ ದರ ಮಾತ್ರ. ಮೂವರ ಕೈಗೆ ಮೂರು ಬಗೆಯ ಮೊತ್ತ ಬಂದದ್ದು ಇದರಿಂದಲೇ.

ಮ್ಯಾನೇಜರ್ ಲೆಕ್ಕ ಸುಲಭ. ಹೊಸ ತೆರಿಗೆ ಪದ್ಧತಿಯಲ್ಲಿ 24 ಲಕ್ಷ ದಾಟಿದ ಆದಾಯಕ್ಕೆ ಶೇ 30, ಆ ತೆರಿಗೆಯ ಮೇಲೆ ಶೇ 4 ಸೆಸ್. ಎರಡೂ ಸೇರಿ ಒಂದು ಲಕ್ಷಕ್ಕೆ 31,200 ಹೋಯಿತು.

ಗಮನಿಸಬೇಕಾದದ್ದು ಇಂಜಿನಿಯರ್ ಲೆಕ್ಕವನ್ನು. 2025-26ರ ಆರ್ಥಿಕ ವರ್ಷವನ್ನು ಹಿಡಿಯೋಣ. ಆತ ಏಪ್ರಿಲ್ 1ಕ್ಕೇ ಸೇರಿದ್ದಾನೆ, ವರ್ಷದ ಸಂಬಳ 12,75,000. ಇದರಲ್ಲಿ ಸ್ಟಾಂಡರ್ಡ್ ಡಿಡಕ್ಷನ್ 75,000 ಕಳೆದರೆ ಸರಿಯಾಗಿ 12 ಲಕ್ಷ ಉಳಿಯುತ್ತದೆ. ಆ ವರ್ಷದ ಬಜೆಟ್ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಇಲ್ಲ ಎಂದಿತ್ತು. ಆದರೆ ಅದು ಬಂದ ದಾರಿಯನ್ನು ನೋಡಬೇಕು. ಮೊದಲ 4 ಲಕ್ಷಕ್ಕೆ ಏನೂ ಇಲ್ಲ, ನಂತರದ 4 ಲಕ್ಷಕ್ಕೆ ಶೇ 5ರಂತೆ 20,000, ಅದರ ಮೇಲಿನ 4 ಲಕ್ಷಕ್ಕೆ ಶೇ 10ರಂತೆ 40,000. ಒಟ್ಟು 60,000 ತೆರಿಗೆ ಲೆಕ್ಕದಲ್ಲಿ ಹುಟ್ಟಿಯೇ ಹುಟ್ಟುತ್ತದೆ. ಆದಾಯ 12 ಲಕ್ಷ ಮೀರದಿದ್ದರೆ ರಿಬೇಟ್ ಹೆಸರಿನಲ್ಲಿ ಸರ್ಕಾರ ಅಷ್ಟನ್ನೂ ಬಿಟ್ಟುಕೊಡುತ್ತದೆ.

ಈಗ ಒಂದು ಲಕ್ಷ ಬೋನಸ್ ಸೇರಿಸಿ. ತೆರಿಗೆಗೆ ಒಳಪಡುವ ಆದಾಯ 13 ಲಕ್ಷವಾಯಿತು. ಮೇಲಿನ ಒಂದು ಲಕ್ಷಕ್ಕೆ ಶೇ 15ರಂತೆ 15,000. ಅಷ್ಟೇ ಆಗಿದ್ದರೆ ಯಾರೂ ಗೊಣಗುತ್ತಿರಲಿಲ್ಲ. ಆದರೆ 12 ಲಕ್ಷದ ಗೆರೆ ದಾಟಿದ್ದರಿಂದ ರಿಬೇಟ್ ಕೈತಪ್ಪಿತು, ಮನ್ನಾ ಆಗಿದ್ದ 60,000 ಮರಳಿ ಹೆಗಲೇರಿತು. 75,000 ತೆರಿಗೆ, 3,000 ಸೆಸ್, ಒಟ್ಟು 78,000. ಬೋನಸ್ ಇಲ್ಲದಿದ್ದರೆ ಆತನ ವರ್ಷದ ತೆರಿಗೆ ಸೊನ್ನೆ. ಹಾಗಾಗಿ ಈ 78,000 ಪೂರ್ತಿ ಬೋನಸ್‌ನದೇ ಖರ್ಚು.

ಬೋನಸ್ ಇನ್ನೂ ಚಿಕ್ಕದಾದರೆ ವಿಚಿತ್ರವೂ ಹೆಚ್ಚುತ್ತದೆ. ಒಂದು ಲಕ್ಷದ ಬದಲು 50,000 ಕೊಟ್ಟರು ಎನ್ನಿ. ಮಾಮೂಲಿ ಲೆಕ್ಕದಲ್ಲಿ ತೆರಿಗೆ 67,500 ಆಗಬೇಕು. 50,000 ಹೆಚ್ಚು ಗಳಿಸಿದವನಿಂದ 67,500 ಕೀಳುವುದು ಅನ್ಯಾಯವೆಂದು ಕಾಯ್ದೆಗೂ ಗೊತ್ತು. ಅದಕ್ಕೇ ಮಾರ್ಜಿನಲ್ ರಿಲೀಫ್ ಎಂಬ ವಿನಾಯಿತಿ ಇದೆ: 12 ಲಕ್ಷದ ಮೇಲೆ ಎಷ್ಟು ಗಳಿಸಿದ್ದೀರೋ ತೆರಿಗೆ ಅಷ್ಟನ್ನು ಮೀರುವಂತಿಲ್ಲ. ಹಾಗಾಗಿ ತೆರಿಗೆ 50,000ಕ್ಕೆ ನಿಂತಿತು. ಆದರೆ ಸೆಸ್ ಆಮೇಲೆ ಬೀಳುವಂಥದ್ದು. ಅದರ 2,000 ಸೇರಿ 52,000 ಆಯಿತು. ಐವತ್ತು ಸಾವಿರ ಬೋನಸ್ ಪಡೆದವನು ಬೋನಸ್ಸೇ ಇಲ್ಲದಿದ್ದರೆ ಇರುತ್ತಿದ್ದುದಕ್ಕಿಂತ ಎರಡು ಸಾವಿರ ಬಡವನಾದ! ಈ ಸಂಬಳದ ಮಟ್ಟದಲ್ಲಿ ಸುಮಾರು 70,000ದವರೆಗಿನ ಯಾವ ಬೋನಸ್‌ನದೂ ಇದೇ ಕಥೆ. ಇಂಥವರಿಗೆ ಸಣ್ಣ ಜಾಯಿನಿಂಗ್ ಬೋನಸ್ ಕೊಟ್ಟು ಬೀಗುವ ಕಂಪನಿ ನಿಜವಾಗಿ ಕೊಡುತ್ತಿರುವುದು ಖಜಾನೆಗೆ.

ಹೊಸ ಹುಡುಗನಿಗೆ ಪೂರ್ತಿ ಸಿಕ್ಕಿದ್ದು ಹೇಗೆ? ಆತನ ಸಂಬಳವೂ ವರ್ಷಕ್ಕೆ 12,75,000ವೇ ಆಗಿರಲಿ. ಜುಲೈನಿಂದ ಮಾರ್ಚ್‌ವರೆಗೆ ಒಂಬತ್ತು ತಿಂಗಳಿಗೆ ಸಿಗುವುದು 9,56,250. ಬೋನಸ್ ಸೇರಿದರೂ 10,56,250, ಸ್ಟಾಂಡರ್ಡ್ ಡಿಡಕ್ಷನ್ ಕಳೆದರೆ ಹತ್ತು ಲಕ್ಷದ ಒಳಗೇ. 12 ಲಕ್ಷದ ಗೆರೆ ದೂರವಿದೆ, ತೆರಿಗೆ ಇಲ್ಲ. ತೆರಿಗೆ ನೋಡುವುದು ಏಪ್ರಿಲ್‌ನಿಂದ ಮಾರ್ಚ್‌ವರೆಗೆ ನಿಜವಾಗಿ ಕೈಸೇರಿದ ಆದಾಯವನ್ನು, ಆಫರ್ ಲೆಟರ್‌ನ ವಾರ್ಷಿಕ ಅಂಕಿಯನ್ನಲ್ಲ. ಓದಿಗೋ ಮನೆಯ ಕಾರಣಕ್ಕೋ ವರ್ಷದಲ್ಲಿ ಕೆಲವು ತಿಂಗಳು ಸಂಬಳವಿಲ್ಲದೆ ಇದ್ದವರು ಬೋನಸ್ಸನ್ನು ಅದೇ ಆರ್ಥಿಕ ವರ್ಷದೊಳಗೆ ಕೇಳಿ ಪಡೆಯುವುದರಲ್ಲಿ ಲಾಭವಿದೆ.

ಮೊತ್ತ ಚಿಕ್ಕದಾಗಿ ಕಾಣಲು ಇನ್ನೊಂದು ಕಾರಣ ಪೇರೋಲ್ ವಿಭಾಗದ್ದು. ಕಂಪನಿ ಇಡೀ ವರ್ಷದ ಆದಾಯವನ್ನು ಅಂದಾಜು ಮಾಡಿ, ತೆರಿಗೆ ಲೆಕ್ಕ ಹಾಕಿ, ತಿಂಗಳು ತಿಂಗಳು ಟಿಡಿಎಸ್ ಹಿಡಿಯಬೇಕು. 78,000ವನ್ನು ಹನ್ನೆರಡು ಭಾಗ ಮಾಡಿದರೆ ತಿಂಗಳಿಗೆ 6,500. ಆದರೆ ಒಂದೇ ಸಲ ಕೊಡುವ ಹಣಕ್ಕೆ ತಗಲುವ ತೆರಿಗೆಯನ್ನು ಕೊಟ್ಟ ತಿಂಗಳಲ್ಲೇ ಹಿಡಿದುಬಿಡುವುದು ಅನೇಕ ಕಂಪನಿಗಳ ರೂಢಿ. ಹೊಸಬ ನಡುವರ್ಷದಲ್ಲಿ ಬಿಟ್ಟುಹೋದರೆ ತೆರಿಗೆ ಬಾಕಿ ಉಳಿಯಬಾರದು ಎಂಬ ಎಚ್ಚರ ಅದು. ಹಾಗಾಗಿ ಏಪ್ರಿಲ್ ಪೇಸ್ಲಿಪ್ ಭೀಕರವಾಗಿ ಕಾಣುತ್ತದೆ. ಪೇಸ್ಲಿಪ್ ಜೊತೆ ಸಿಗುವ ತೆರಿಗೆ ಲೆಕ್ಕದ ಹಾಳೆಯನ್ನು ತೆರೆದು ವರ್ಷದ ಒಟ್ಟು ತೆರಿಗೆ ಎಷ್ಟು ತೋರಿಸಿದೆ ಎಂದು ನೋಡಿದರೆ ಗುಟ್ಟು ತಿಳಿಯುತ್ತದೆ. ಅಲ್ಲಿ 78,000 ಇದ್ದು, ಏಪ್ರಿಲ್‌ನಲ್ಲೇ ಅಷ್ಟೂ ಹಿಡಿದಿದ್ದರೆ ಮೇ ತಿಂಗಳಿಂದ ಟಿಡಿಎಸ್ ಸೊನ್ನೆ ಇರಬೇಕು. ಇರದಿದ್ದರೆ ಆಗ ಜಗಳಕ್ಕೆ ಕಾರಣವಿದೆ.

ಇದರ ತಿರುವುಮುರುವು ಪ್ರಸಂಗವೂ ಉಂಟು. ಅದೇ ಇಂಜಿನಿಯರ್ ಏಪ್ರಿಲ್‌ನಿಂದ ಜೂನ್‌ವರೆಗೆ ಹಳೆಯ ಕಂಪನಿಯಲ್ಲಿ ಇದೇ ಸಂಬಳಕ್ಕಿದ್ದು, ಜುಲೈನಲ್ಲಿ ಇಲ್ಲಿಗೆ ಬಂದ ಎನ್ನಿ. ಹಳೆಯ ಸಂಬಳದ ವಿವರವನ್ನು ಫಾರಂ 12ಬಿ ತುಂಬಿ ಹೊಸ ಕಂಪನಿಗೆ ಕೊಡಬೇಕಿತ್ತು, ಕೊಡಲಿಲ್ಲ. ಹೊಸ ಕಂಪನಿಯ ಕಣ್ಣಿಗೆ ಅವನೂ ಆ ಹೊಸ ಹುಡುಗನಂತೆಯೇ ಕಾಣುತ್ತಾನೆ: ಒಂಬತ್ತು ತಿಂಗಳ ಸಂಬಳ, ಒಂದು ಲಕ್ಷ ಬೋನಸ್, ತೆರಿಗೆ ಸೊನ್ನೆ. ಪೂರ್ತಿ ಒಂದು ಲಕ್ಷ ಖಾತೆಗೆ ಬಂತೆಂದು ಸಂಭ್ರಮವೋ ಸಂಭ್ರಮ. ಮುಂದಿನ ವರ್ಷ ರಿಟರ್ನ್ ಸಲ್ಲಿಸಲು ಕೂತಾಗ ಎರಡು ಕಂಪನಿಗಳ ಫಾರಂ 16 ಒಟ್ಟಾಗಿ 78,000 ಕಟ್ಟೆನ್ನುತ್ತವೆ, ಮೇಲೆ ಬಡ್ಡಿ. ಏಪ್ರಿಲ್‌ನಿಂದ ಕಟ್ಟುವ ತಿಂಗಳವರೆಗೆ ಬಾಕಿಯ ಮೇಲೆ ತಿಂಗಳಿಗೆ ಶೇ 1ರಂತೆ ಒಂದು ಬಡ್ಡಿ, ಮುಂಗಡ ತೆರಿಗೆಯ ಕಂತುಗಳನ್ನು ತಪ್ಪಿಸಿದ್ದಕ್ಕೆ ಇನ್ನೊಂದು.

78,000ದ ಹೊರೆ ಇಳಿಸುವ ದಾರಿ ಹೊಸ ಪದ್ಧತಿಯಲ್ಲಿ ಹೆಚ್ಚಿಲ್ಲ. ವಿಮೆ, ಪಿಪಿಎಫ್ ರಸೀದಿಗಳಿಗೆ ಅಲ್ಲಿ ಬೆಲೆಯಿಲ್ಲ. ಉಳಿದಿರುವ ದೊಡ್ಡ ದಾರಿ ಎನ್‌ಪಿಎಸ್. ನೌಕರ ತಾನೇ ಕಟ್ಟಿದ್ದಕ್ಕಲ್ಲ, ಸಂಬಳದ ಪ್ಯಾಕೇಜಿನೊಳಗಿಂದ ಕಂಪನಿಯೇ ಅವನ ಎನ್‌ಪಿಎಸ್ ಖಾತೆಗೆ ಕಟ್ಟಿದ್ದಕ್ಕೆ, ಬೇಸಿಕ್‌ನ ಶೇ 14ರವರೆಗೆ ವಿನಾಯಿತಿ ಇದೆ. ಇಂಜಿನಿಯರ್‌ನ ಬೇಸಿಕ್ ಸಂಬಳದ ಅರ್ಧ, ಅಂದರೆ 6,37,500 ಇದ್ದರೆ ಅದರ ಶೇ 14 ಎಂದರೆ 89,250. ಅಷ್ಟು ಕಳೆದಾಗ 13 ಲಕ್ಷದ ಆದಾಯ 12,10,750ಕ್ಕೆ ಇಳಿಯುತ್ತದೆ. ಮಾರ್ಜಿನಲ್ ರಿಲೀಫ್ ಈಗ ನೆರವಿಗೆ ಬಂದು ತೆರಿಗೆ 10,750ಕ್ಕೆ ನಿಲ್ಲುತ್ತದೆ, ಸೆಸ್ ಸೇರಿ 11,180. ಉಳಿತಾಯ 66,820. ಇದಕ್ಕೆ ಕಂಪನಿಯಲ್ಲಿ ಈ ಸೌಲಭ್ಯ ಇರಬೇಕು, ಮತ್ತು 89,250 ನಿವೃತ್ತಿಯ ಹಣವಾಗಿ ಬೀಗದೊಳಗೆ ಹೋಗುತ್ತದೆ ಎಂಬುದಕ್ಕೆ ಮನಸ್ಸು ಒಪ್ಪಬೇಕು. ಬೈಕ್ ಕೊಳ್ಳಲು ಬೋನಸ್ ಕಾಯುತ್ತಿದ್ದವನಿಗೆ ಇದು ರುಚಿಸದು.

ಇಷ್ಟೆಲ್ಲ ಆದ ಮೇಲೂ ಆ ಹಣ ಪೂರ್ತಿ ತನ್ನದಾಗಿರುವುದಿಲ್ಲ. ಒಂದು ವರ್ಷ, ಕೆಲವೆಡೆ ಎರಡು ವರ್ಷದೊಳಗೆ ಕೆಲಸ ಬಿಟ್ಟರೆ ಬೋನಸ್ ವಾಪಸ್ ಕೊಡಬೇಕೆಂಬ ಷರತ್ತು ಜಾಯಿನಿಂಗ್ ಬೋನಸ್ ಜೊತೆಗೇ ಹುಟ್ಟಿದ್ದು. ಎಷ್ಟು ವಾಪಸ್ ಎಂಬುದರಲ್ಲಿ ಪೆಟ್ಟು ಅಡಗಿದೆ. ಕರಾರಿನಲ್ಲಿ ಗ್ರಾಸ್ ಮೊತ್ತ ಎಂದಿದ್ದರೆ, ಕೈಗೆ 22,000 ಪಡೆದ ಇಂಜಿನಿಯರ್ ಒಂದು ಲಕ್ಷ ಹಿಂತಿರುಗಿಸಬೇಕು. ಅದೇ ಆರ್ಥಿಕ ವರ್ಷದಲ್ಲಿ ಬಿಟ್ಟರೆ ಕಂಪನಿ ಅದನ್ನು ಸಂಬಳದಲ್ಲಿ ಕಳೆದು ಆದಾಯವನ್ನೂ ಇಳಿಸಿ ತೋರಿಸಬಹುದು, ಹೆಚ್ಚಾಗಿ ಹಿಡಿದ ತೆರಿಗೆ ರಿಟರ್ನ್‌ನಲ್ಲಿ ಮರಳುತ್ತದೆ. ಮಾರ್ಚ್ 31 ದಾಟಿತೋ, ಫಾರಂ 16ರಲ್ಲಿ ಬೋನಸ್ ಆದಾಯವೆಂದೇ ದಾಖಲಾಗಿಹೋಗಿರುತ್ತದೆ. ಹಿಂದಿನ ವರ್ಷದ ಬೋನಸ್ಸನ್ನು ಈ ವರ್ಷ ಹಿಂತಿರುಗಿಸಿದ್ದಕ್ಕೆ ತೆರಿಗೆ ಮರಳಿ ಪಡೆಯಲು ಕಾಯ್ದೆಯಲ್ಲಿ ಇದಕ್ಕೆಂದೇ ಬರೆದ ಸರಳ ದಾರಿ ಇಲ್ಲ.

ಆದ್ದರಿಂದ ಆಫರ್ ಲೆಟರ್‌ಗೆ ಸಹಿ ಹಾಕುವ ಮುನ್ನವೇ ಎಚ್‌ಆರ್‌ಗೆ ಕೇಳಿ: ವಾಪಸ್ ಕೊಡಬೇಕಾದದ್ದು ಗ್ರಾಸ್ ಮೊತ್ತವೋ ಕೈಗೆ ಬಂದ ಮೊತ್ತವೋ, ದುಡಿದ ತಿಂಗಳುಗಳಿಗೆ ತಕ್ಕಂತೆ ಅದು ಕಡಿಮೆಯಾಗುತ್ತದೋ ಇಲ್ಲವೋ, ಬೋನಸ್ ಯಾವ ತಿಂಗಳ ಸಂಬಳದೊಂದಿಗೆ ಬರುತ್ತದೆ. ಉತ್ತರ ಫೋನಿನಲ್ಲಿ ಬಂದರೆ ಸಾಲದು, ಇಮೇಲ್‌ನಲ್ಲಿ ಬರೆಸಿಕೊಳ್ಳಿ.