ಪಾವ್ಲೋವಾ: ಹೊರಗೆ ಗರಿಗರಿ, ಒಳಗೆ ಮೆತ್ತಗೆ

ರಷ್ಯಾದ ನರ್ತಕಿ ಅನ್ನಾ ಪಾವ್ಲೋವಾ 1926ರಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಿಗೆ ಹೋಗಿದ್ದರು. ಅವರ ಹೆಸರಿನ ಈ ಸಿಹಿ ಯಾರದ್ದೆಂದು ಎರಡೂ ದೇಶಗಳು ಇನ್ನೂ ಜಗಳವಾಡುತ್ತಿವೆ, ಆಡಿಕೊಳ್ಳಲಿ.

ನಾಲ್ಕು ಮೊಟ್ಟೆಯ ಬಿಳಿಭಾಗವನ್ನು ನೊರೆ ಬರುವಂತೆ ಕಡೆದು, 220 ಗ್ರಾಂ ನುಣ್ಣನೆಯ ಸಕ್ಕರೆಯನ್ನು ಚಮಚ ಚಮಚವಾಗಿ ಸೇರಿಸಬೇಕು. ನೊರೆಯನ್ನು ಬೆರಳಲ್ಲಿ ಉಜ್ಜಿದರೆ ತರಿ ಸಿಗಬಾರದು. ಸಿಕ್ಕರೆ, ಬೇಯುವಾಗ ಪಾಕ ಹನಿಹನಿಯಾಗಿ ಒಸರುತ್ತದೆ. ಕೊನೆಗೆ ಎರಡು ಟೀಚಮಚ ಕಾರ್ನ್‌ಫ್ಲೋರ್, ಒಂದು ಟೀಚಮಚ ವಿನೆಗರ್. ವಿನೆಗರ್‌ನ ಹುಳಿ ನೊರೆ ಒಡೆಯದಂತೆ ಕಾಯುತ್ತದೆ. ಕಾರ್ನ್‌ಫ್ಲೋರ್ ನೀರು ಹಿಡಿದಿಟ್ಟು ಒಳಭಾಗವನ್ನು ಮೆತ್ತಗಿಡುತ್ತದೆ.

ನಡುವೆ ತಗ್ಗು ಮಾಡಿ, 120 ಡಿಗ್ರಿಯಲ್ಲಿ ಸುಮಾರು ಒಂದೂಕಾಲು ಗಂಟೆ ಬೇಯಿಸಿ. ಉರಿ ಹೆಚ್ಚಾದರೆ ಒಳಗಿನ ಗಾಳಿ ಬೇಗ ಹಿಗ್ಗಿ, ಗಟ್ಟಿಯಾದ ಹೊರಪದರ ಸೀಳುತ್ತದೆ. ಬೆಂದ ಮೇಲೂ ಹೊರತೆಗೆಯದೆ, ಓವನ್ ಆರಿಸಿ ಒಳಗೇ ತಣಿಯಲು ಬಿಡಿ. ಕೆನೆ, ಹಣ್ಣು ಬಡಿಸುವ ಹೊತ್ತಿಗೇ ಹಾಕಿ, ಮೊದಲೇ ಹಾಕಿದರೆ ಗರಿ ಹೋಗುತ್ತದೆ.