ಸುಸ್ತಿಯಾದ ಹೈನು ಸಾಲ: ಒಂದೇ ಕಂತಿನಲ್ಲಿ ತೀರಿಸಲು ಬ್ಯಾಂಕಿನವರನ್ನು ಕೇಳುವುದು ಹೇಗೆ?



ಆಕಳಿಗೆ ಕೆಚ್ಚಲು ಬಾವು ಅಂತ ಫೋನ್ ಬಂದರೆ ಹೋಗಿ ಚಿಕಿತ್ಸೆ ಕೊಡುವುದು ನಮ್ಮ ಕೆಲಸ. ಆದರೆ ಮಸ್ಕಿ, ಲಿಂಗಸುಗೂರು, ಸಿಂಧನೂರು ಕಡೆ ಹಳ್ಳಿಗಳಲ್ಲಿ ಇಂಜೆಕ್ಷನ್ ಹಾಕಿ ಕೈ ತೊಳೆಯುವಷ್ಟರಲ್ಲಿ ಮನೆಯ ತಾಯಿ ಒಳಗಿನಿಂದ ಒಂದು ಲಕೋಟೆ ತರುತ್ತಾರೆ. "ಡಾಕ್ಟ್ರೇ, ಇದನ್ನ ಸ್ವಲ್ಪ ಓದಿ ಹೇಳ್ರಿ, ಬ್ಯಾಂಕಿನಿಂದ ಬಂದೈತಿ" ಎನ್ನುತ್ತಾರೆ. 2022ರಲ್ಲಿ ಚರ್ಮಗಂಟು ರೋಗ ಬಂತು, 2023ರಲ್ಲಿ ಬರಗಾಲ ಬಂತು. ಆಕಳು ಸತ್ತರೂ ಅದರ ಮೇಲಿನ ಸಾಲ ಸಾಯುವುದಿಲ್ಲ. ಅಂಥ ಸಾಲವನ್ನು ಒಂದು ಮೊತ್ತ ಕಟ್ಟಿ ಮುಗಿಸುವ ದಾರಿಗೆ ಬ್ಯಾಂಕಿನವರು ಒಟಿಎಸ್ ಅನ್ನುತ್ತಾರೆ, ಅಂದರೆ ಒಂದೇ ಬಾರಿಯ ತೀರುವಳಿ. ಅದನ್ನು ಕೇಳುವ ಕ್ರಮವನ್ನು ಈ ಸಂಚಿಕೆಯಲ್ಲಿ ನೋಡೋಣ.

ಮೊದಲು ವಿಮೆ, ಆಮೇಲೆ ತೀರುವಳಿ

ಸಾಲದಲ್ಲಿ ತಂದ ಆಕಳಿಗೆ ಸಾಮಾನ್ಯವಾಗಿ ವಿಮೆ ಇರುತ್ತದೆ, ಕಿವಿಗೆ ಓಲೆ ಇರುತ್ತದೆ. ಆಕಳು ಸತ್ತಾಗ ಮರಣೋತ್ತರ ಪರೀಕ್ಷೆಯ ವರದಿ, ಓಲೆ ಮತ್ತು ಫೋಟೋ ಕೊಟ್ಟಿದ್ದರೆ ವಿಮೆಯ ಹಣ ನೇರವಾಗಿ ಸಾಲದ ಖಾತೆಗೇ ಹೋಗಿರಬಹುದು. ಅದು ಜಮಾ ಆಗಿದೆಯೋ ಇಲ್ಲವೋ ಎಂದು ಮೊದಲು ನೋಡಿ. ಜಮಾ ಆಗದೆ ಉಳಿದ ವಿಮೆ ಹಣವನ್ನು ಲೆಕ್ಕಕ್ಕೆ ತರದೆ ತೀರುವಳಿ ಮಾತಾಡಿದರೆ ನಿಮ್ಮ ಹಣವನ್ನು ನೀವೇ ಬಿಟ್ಟುಕೊಟ್ಟ ಹಾಗೆ.

ಅದಕ್ಕೆ ಬ್ಯಾಂಕಿಗೆ ಹೋಗಿ ಸಾಲದ ಖಾತೆಯ ಪೂರ್ತಿ ವಿವರ ಪಟ್ಟಿ ಕೇಳಿ. ಅಸಲು ಎಷ್ಟು ಉಳಿದಿದೆ, ಬಡ್ಡಿ ಎಷ್ಟು, ದಂಡ ಮತ್ತು ಇತರ ಖರ್ಚು ಎಷ್ಟು ಎಂಬುದನ್ನು ಮೂರು ಬೇರೆ ಸಾಲುಗಳಲ್ಲಿ ಬರೆಸಿಕೊಳ್ಳಿ. ಡೇರಿಯಲ್ಲಿ ಹಾಲಿನ ಬಟವಾಡೆಯಿಂದ ಕಂತು ಕಡಿತ ಆಗುತ್ತಿದ್ದರೆ ಕಾರ್ಯದರ್ಶಿಯವರಿಂದ ಆ ಲೆಕ್ಕವನ್ನೂ ತೆಗೆದುಕೊಂಡು ಎರಡನ್ನೂ ತಾಳೆ ನೋಡಿ.

ಬ್ಯಾಂಕು ಯಾವಾಗ ಒಪ್ಪುತ್ತದೆ?

ಕಂತು ಕಟ್ಟಬೇಕಾದ ದಿನ ದಾಟಿ 90 ದಿನ ಮೀರಿದ ಹೈನು ಸಾಲವನ್ನು ಬ್ಯಾಂಕು ಎನ್‌ಪಿಎ, ಅಂದರೆ ವಸೂಲಾಗದ ಸಾಲ ಎಂದು ಗುರುತಿಸುತ್ತದೆ. ಒಂದೆರಡು ಕಂತು ತಪ್ಪಿದ ಸಾಲಕ್ಕೆ ಸಾಮಾನ್ಯವಾಗಿ ತೀರುವಳಿ ಸಿಗುವುದಿಲ್ಲ. ಅಂಥವರು ಕಂತಿನ ಅವಧಿ ಹೆಚ್ಚಿಸಿ ಕೊಡಿ ಎಂದು ಕೇಳುವುದೇ ಸರಿ. ಸಾಲ ಹಳೆಯದಾದಷ್ಟೂ, ಅಡವಿಟ್ಟ ಆಸ್ತಿಯ ಬಲ ಕಡಿಮೆ ಇದ್ದಷ್ಟೂ ಬ್ಯಾಂಕು ಬಿಡುವ ಮೊತ್ತ ಹೆಚ್ಚು. ಹೊಲ ಅಡವಿಟ್ಟಿದ್ದರೆ ರಿಯಾಯಿತಿ ಕಡಿಮೆಯೇ ಸಿಗುತ್ತದೆ.

ಒಂದು ಮಾತು ನೆನಪಿರಲಿ. ತೀರುವಳಿ ನಮ್ಮ ಹಕ್ಕಲ್ಲ. ಸಾಲಗಾರರು ಇದನ್ನು ಹಕ್ಕೆಂದು ಕೇಳಲಾಗದು ಎಂದು ಸುಪ್ರೀಂ ಕೋರ್ಟ್ 2021ರ ಡಿಸೆಂಬರ್‌ನಲ್ಲೇ ಹೇಳಿದೆ. ಆದ್ದರಿಂದ ಜಗಳ ಮಾಡಿ ಪಡೆಯುವುದಾಗುವುದಿಲ್ಲ, ಲೆಕ್ಕ ತೋರಿಸಿ ಒಪ್ಪಿಸಬೇಕು. ಸರ್ಕಾರವೇ ಘೋಷಿಸುವ ಯೋಜನೆ ಬೇರೆ. ಸಹಕಾರಿ ಬ್ಯಾಂಕ್‌ಗಳಲ್ಲಿ ಸುಸ್ತಿಯಾದ ಮಧ್ಯಮಾವಧಿ, ದೀರ್ಘಾವಧಿ ಕೃಷಿ ಸಾಲದ ಅಸಲು ಕಟ್ಟಿದರೆ ಬಡ್ಡಿ ಮನ್ನಾ ಎಂದು ನಮ್ಮ ರಾಜ್ಯ ಸರ್ಕಾರ 2023ರ ಡಿಸೆಂಬರ್‌ನಲ್ಲಿ ಘೋಷಿಸಿತ್ತು. ನಿಮ್ಮದು ಡಿಸಿಸಿ ಬ್ಯಾಂಕ್ ಅಥವಾ ಸೊಸೈಟಿ ಸಾಲವಾಗಿದ್ದರೆ ಈಗ ಅಂಥ ಯೋಜನೆ ಇದೆಯೇ ಎಂದು ಕೇಳಿದ ಮೇಲೆಯೇ ಸ್ವಂತ ಪ್ರಸ್ತಾವ ಬರೆಯಿರಿ.

ಎಷ್ಟು ಕೇಳಬೇಕು? ಒಂದು ಮನೆಯ ಲೆಕ್ಕ

ಹಲವು ಮನೆಗಳಲ್ಲಿ ಕಂಡದ್ದನ್ನು ಸೇರಿಸಿ ಒಂದು ಉದಾಹರಣೆ ಮಾಡಿದ್ದೇನೆ. ಮಸ್ಕಿ ಕಡೆಯ ಒಬ್ಬ ತಾಯಿ ಎರಡು ಎಚ್‌ಎಫ್ ಮಿಶ್ರತಳಿ ಆಕಳಿಗೆ 1,20,000 ರೂಪಾಯಿ ಸಾಲ ತಂದರು. ಬಡ್ಡಿ ವರ್ಷಕ್ಕೆ ಶೇ 12, ಐದು ವರ್ಷದ ಕಂತು. 14 ಕಂತು ಕಟ್ಟಿದ ಮೇಲೆ ಒಂದು ಆಕಳು ಸತ್ತಿತು, ವಿಮೆ ನವೀಕರಣ ಆಗಿರಲಿಲ್ಲ. ಎರಡು ವರ್ಷ ಕಂತು ನಿಂತಿತು. ಈಗ ಅಸಲು 98,000, ಬಡ್ಡಿ 23,500, ದಂಡ ಮತ್ತು ಖರ್ಚು 2,500, ಒಟ್ಟು 1,24,000 ರೂಪಾಯಿ.

ಉಳಿದ ಒಂದು ಆಕಳಿನ ಹಾಲಿನಲ್ಲಿ ಮೇವು, ಹಿಂಡಿ, ಮನೆ ಖರ್ಚು ಕಳೆದು ತಿಂಗಳಿಗೆ 2,500 ರೂಪಾಯಿ ಉಳಿಯುತ್ತದೆ. 98,000ಕ್ಕೆ ತಿಂಗಳ ಬಡ್ಡಿಯೇ 980 ರೂಪಾಯಿ. ಬಾಕಿ ಕರಗುವುದು ತಿಂಗಳಿಗೆ 1,500 ಚಿಲ್ಲರೆ ಮಾತ್ರ. ಈ ದಾರಿಯಲ್ಲಿ ಸಾಲ ತೀರಲು ಐದು ವರ್ಷಕ್ಕೂ ಹೆಚ್ಚು ಬೇಕು, ಅಷ್ಟರಲ್ಲಿ ಈ ಆಕಳಿಗೂ ವಯಸ್ಸಾಗುತ್ತದೆ.

ಆದ್ದರಿಂದ ಅವರು ಒಂದೇ ಮೊತ್ತ ಎಲ್ಲಿಂದ ಬರಬಹುದು ಎಂದು ಕೂಡಿಸಿದರು. ಹತ್ತಿ ಮಾರಿದ ಹಣ 40,000, ತಮ್ಮ ಕೊಡುವುದು 20,000, ಸ್ವಸಹಾಯ ಸಂಘದಲ್ಲಿನ ಸ್ವಂತ ಉಳಿತಾಯ 15,000, ಬತ್ತಿದ ಮನೆಯ ಎಮ್ಮೆ ಮಾರಿದರೆ 15,000. ಒಟ್ಟು 90,000. ಇದರಲ್ಲಿ 5,000 ಹಿಂಡಿಗೆ ಇಟ್ಟುಕೊಂಡರು. ಅಂದರೆ ಅವರ ಕೊನೆಯ ಮಿತಿ 85,000.

ಇಲ್ಲಿ ಪಶುವೈದ್ಯನಾಗಿ ಎರಡು ಮಾತು ಹೇಳಬೇಕು. ಹಾಲು ಕೊಡುವ ಆಕಳನ್ನು ಮಾರಿ ಸಾಲ ತೀರಿಸಬೇಡಿ, ಅದು ಮುಂದಿನ ತಿಂಗಳ ಬಟವಾಡೆಯನ್ನೇ ಮಾರಿದಂತೆ. ಸಾಲದಲ್ಲಿ ತಂದ ಆಕಳನ್ನಂತೂ ಬ್ಯಾಂಕಿನ ಒಪ್ಪಿಗೆ ಇಲ್ಲದೆ ಮಾರುವಂತಿಲ್ಲ, ಅದು ಬ್ಯಾಂಕಿಗೆ ಭದ್ರತೆಯಾಗಿ ಬರೆದುಕೊಟ್ಟದ್ದು. ಹಾಗೆಯೇ ಕೈಗಡ ತಂದು ಬ್ಯಾಂಕಿಗೆ ಕಟ್ಟಬೇಡಿ. ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿಯೆಂದರೆ ವರ್ಷಕ್ಕೆ ಶೇ 36 ಆಯಿತು. ಬ್ಯಾಂಕಿನ ಮೂರು ಪಟ್ಟು.

ಈ ತಾಯಿ ಮೊದಲ ಪತ್ರದಲ್ಲಿ 75,000 ಬರೆದರು. ಬ್ಯಾಂಕು ಅಸಲು 98,000 ಕೇಳಿತು. ಎರಡನೇ ಪತ್ರದಲ್ಲಿ 85,000ಕ್ಕೆ ಏರಿಸಿ, ಇದಕ್ಕಿಂತ ಹೆಚ್ಚು ಆಗದು ಎಂದು ಹಣದ ಮೂಲಗಳನ್ನು ಬರೆದು ತೋರಿಸಿದರು. ಅದು ಮಂಜೂರಾಯಿತು ಎನ್ನೋಣ. ಆಗ ಉಳಿದದ್ದು 39,000: ಬಡ್ಡಿ, ದಂಡ ಸೇರಿ 26,000, ಅಸಲಿನಲ್ಲಿ 13,000. ಎಲ್ಲ ಕಡೆ ಅಸಲಿನಲ್ಲಿ ಬಿಡುವುದಿಲ್ಲ, ಬಡ್ಡಿ ಮಾತ್ರ ಬಿಟ್ಟರೂ ಆಶ್ಚರ್ಯವಿಲ್ಲ. ಮೊದಲ ಪತ್ರದಲ್ಲೇ ಕೊನೆಯ ಮಿತಿ ಬರೆದಿದ್ದರೆ ಏರಿಸಲು ಜಾಗವೇ ಇರುತ್ತಿರಲಿಲ್ಲ.

ಪತ್ರ ಹೀಗಿರಲಿ

ಪತ್ರ ಕನ್ನಡದಲ್ಲೇ ಇರಲಿ, ಒಂದು ಪುಟ ಸಾಕು.

"ಶಾಖಾ ವ್ಯವಸ್ಥಾಪಕರಿಗೆ. ನನ್ನ ಹೈನು ಸಾಲದ ಖಾತೆ ಸಂಖ್ಯೆ ಇಂಥದ್ದು. ಇಂಥ ದಿನಾಂಕದಂದು ಒಂದು ಆಕಳು ಸತ್ತಿದ್ದರಿಂದ ಕಂತು ಕಟ್ಟಲು ಆಗಿಲ್ಲ. ಪಶುವೈದ್ಯರ ಪ್ರಮಾಣಪತ್ರ ಮತ್ತು ಡೇರಿಯ ಹಾಲಿನ ಬಟವಾಡೆ ವಿವರ ಲಗತ್ತಿಸಿದ್ದೇನೆ. ಒಟ್ಟು ಬಾಕಿಗೆ ಪೂರ್ಣ ಮತ್ತು ಅಂತಿಮ ತೀರುವಳಿಯಾಗಿ 75,000 ರೂಪಾಯಿ ಕಟ್ಟಲು ಸಿದ್ಧಳಿದ್ದೇನೆ. ಮಂಜೂರಾತಿ ಪತ್ರ ಸಿಕ್ಕ 60 ದಿನದೊಳಗೆ ಕಟ್ಟುತ್ತೇನೆ. ಉಳಿದ ಬಾಕಿಯನ್ನು ಬಿಟ್ಟು, ನನ್ನನ್ನೂ ಜಾಮೀನುದಾರರನ್ನೂ ಮುಕ್ತಗೊಳಿಸಬೇಕೆಂದು ಕೋರುತ್ತೇನೆ."

"ಪೂರ್ಣ ಮತ್ತು ಅಂತಿಮ" ಎಂಬ ಮಾತು ತಪ್ಪದೆ ಇರಬೇಕು. ಎರಡು ಪ್ರತಿ ಮಾಡಿ, ನಿಮ್ಮ ಪ್ರತಿಯ ಮೇಲೆ ಬ್ಯಾಂಕಿನ ಸೀಲು ಮತ್ತು ದಿನಾಂಕ ಹಾಕಿಸಿಕೊಳ್ಳಿ. ಹಣ ಕೈಗೆ ಬರುವ ಕಾಲ ನೋಡಿ ಗಡುವು ಕೇಳಿ. ಹತ್ತಿ, ಭತ್ತ ಮಾರುವ ಮುಂಚೆ ಗಡುವು ಮುಗಿಯುವಂತೆ ಇರಬಾರದು. ಆದರೆ ಮೂರು ತಿಂಗಳು ಮೀರಬೇಡಿ, ಅದಕ್ಕಿಂತ ಹೆಚ್ಚಾದರೆ ರಿಸರ್ವ್ ಬ್ಯಾಂಕಿನ 2023ರ ನಿಯಮದಂತೆ ಅದನ್ನು ಸಾಲದ ಪುನರ್‌ರಚನೆ ಎಂದು ಪರಿಗಣಿಸುತ್ತಾರೆ, ಒಪ್ಪಿಗೆ ಕಷ್ಟವಾಗುತ್ತದೆ.

ಕಾಗದ ಕೈಗೆ ಬರುವ ತನಕ ಹಣ ಕೊಡಬೇಡಿ

ನನಗೆ ಗೊತ್ತಿರುವ ಒಬ್ಬ ಅಕ್ಕ ವಸೂಲಿಗೆ ಬಂದವನ ಮಾತು ನಂಬಿ 30,000 ರೂಪಾಯಿ ಕೈಯಲ್ಲಿ ಕೊಟ್ಟರು. "ಸಾಲ ಮುಗೀತು ಅಂದ, ರೀ" ಎಂದು ನಿಶ್ಚಿಂತೆಯಿಂದ ಇದ್ದರು. ಮರುವರ್ಷ ಮತ್ತೆ ನೋಟಿಸ್ ಬಂತು. ಆ ಹಣ ಬಾಕಿ ಬಡ್ಡಿಗೆ ಜಮಾ ಆಗಿತ್ತು, ಅಸಲು ಹಾಗೇ ಇತ್ತು. ತೀರುವಳಿ ಎಂದು ಯಾವ ಕಾಗದದಲ್ಲೂ ಇರಲಿಲ್ಲ.

ಮಂಜೂರಾತಿ ಪತ್ರದಲ್ಲಿ ತೀರುವಳಿ ಮೊತ್ತ, ಕಟ್ಟುವ ಕೊನೆಯ ದಿನ, ಉಳಿದ ಬಾಕಿ ಬಿಟ್ಟಿದ್ದಾರೆ ಎಂಬ ಮಾತು ಇರಬೇಕು. ಜಾಮೀನುದಾರರ ಬಿಡುಗಡೆ, ಉಳಿತಾಯ ಖಾತೆಯ ಮೇಲಿನ ತಡೆ ತೆಗೆಯುವುದು, ಹಾಲಿನ ಬಟವಾಡೆಯ ಕಡಿತ ನಿಲ್ಲಿಸಲು ಡೇರಿಗೆ ಪತ್ರ, ಇವೂ ಇರಲಿ. ಕೊನೆಯದ್ದನ್ನು ಬಹಳ ಜನ ಮರೆಯುತ್ತಾರೆ, ತೀರಿದ ಸಾಲಕ್ಕೂ ಕಡಿತ ನಡೆದೇ ಇರುತ್ತದೆ. ಪತ್ರದ ಜೊತೆ ಮುಂಗಡ ಕೇಳಿದರೆ, ಪ್ರಸ್ತಾವ ತಿರಸ್ಕಾರವಾದಾಗ ಆ ಹಣ ಹಿಂದೆ ಬರುತ್ತದೋ ಸಾಲಕ್ಕೆ ಜಮಾ ಆಗುತ್ತದೋ ಎಂದು ಮೊದಲೇ ಬರವಣಿಗೆಯಲ್ಲಿ ಕೇಳಿ.

ಗಡುವು ತಪ್ಪಿದರೆ ಸಾಮಾನ್ಯವಾಗಿ ತೀರುವಳಿ ರದ್ದಾಗುತ್ತದೆ, ಕಟ್ಟಿದ್ದು ಹಳೆಯ ಬಾಕಿಗೆ ಹೋಗಿ ಪೂರ್ತಿ ಸಾಲ ಮತ್ತೆ ನಿಲ್ಲುತ್ತದೆ. ಆದ್ದರಿಂದ ಕೈಗೆ ಬರುವುದು ಖಚಿತವಾದ ಹಣಕ್ಕೆ ಮಾತ್ರ ಮಾತು ಕೊಡಿ.

ಕಟ್ಟಿದ ಮೇಲೆ

ಬೇಬಾಕಿ ಪ್ರಮಾಣಪತ್ರ ತೆಗೆದುಕೊಳ್ಳಿ. ಹೊಲ ಅಡವಿಟ್ಟಿದ್ದರೆ ಮೂಲ ಪತ್ರಗಳನ್ನು 30 ದಿನದೊಳಗೆ ಹಿಂದಿರುಗಿಸಬೇಕು. ಬ್ಯಾಂಕಿನದೇ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2023ರ ಸೆಪ್ಟೆಂಬರ್‌ನಲ್ಲಿ ಆದೇಶಿಸಿದೆ. ಪಹಣಿಯಲ್ಲಿ ಬ್ಯಾಂಕಿನ ಋಣ ತೆಗೆದಿದ್ದಾರೆಯೇ ಎಂದು ಹೊಸ ಪಹಣಿ ತೆಗೆಸಿ ನೋಡಿ.

ಈ ದಾರಿಗೆ ಒಂದು ಬೆಲೆಯೂ ಇದೆ. ಪೂರ್ತಿ ಕಟ್ಟಿದ ಸಾಲ ಸಿಬಿಲ್‌ನಂಥ ದಾಖಲೆಯಲ್ಲಿ "ಕ್ಲೋಸ್ಡ್" ಎಂದು, ಕಡಿಮೆಗೆ ತೀರಿದ್ದು "ಸೆಟಲ್ಡ್" ಎಂದು ಕಾಣುತ್ತದೆ. ಮುಂದೆ ಆಕಳು ತರಲು ಸಾಲ ಕೇಳಿದಾಗ ಈ ಪದ ಅಡ್ಡ ಬರುತ್ತದೆ. ಒಂದೆರಡು ವರ್ಷದಲ್ಲಿ ಹೊಸ ಸಾಲ ಬೇಕೇ ಬೇಕು ಎನ್ನುವವರು, ಪೂರ್ತಿ ಕಟ್ಟುವ ಅಥವಾ ಕಂತು ಹಿಗ್ಗಿಸುವ ದಾರಿಯನ್ನು ಮೊದಲು ನೋಡಲಿ.

ಬ್ಯಾಂಕು ಒಪ್ಪದಿದ್ದರೆ

ಸಿಂಧನೂರು, ಲಿಂಗಸುಗೂರು ನ್ಯಾಯಾಲಯಗಳಲ್ಲಿನ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟು ಲೋಕ ಅದಾಲತ್‌ನಲ್ಲಿ ಮಾತುಕತೆ ಕೇಳಬಹುದು. ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಅಲ್ಲಿ ವಕೀಲರ ನೆರವು ಉಚಿತ. ಆದರೆ ಅಲ್ಲಿ ಒಪ್ಪಿ ಸಹಿ ಮಾಡಿದ್ದಕ್ಕೆ ನ್ಯಾಯಾಲಯದ ತೀರ್ಪಿನ ಬಲ ಇರುತ್ತದೆ, ಅದರ ಮೇಲೆ ಮೇಲ್ಮನವಿ ಇಲ್ಲ. ಮೊತ್ತವನ್ನೂ ದಿನಾಂಕವನ್ನೂ ಓದಿಸಿಕೊಂಡು, ನಿಮ್ಮ ಕೊನೆಯ ಮಿತಿಯೊಳಗೆ ಇದ್ದರೆ ಮಾತ್ರ ಸಹಿ ಹಾಕಿ.

ಸತ್ತ ಆಕಳಿನ ಪ್ರಮಾಣಪತ್ರ ಬೇಕಾದವರು ಆ ದಿನ ಬಂದು ನೋಡಿದ ಪಶುವೈದ್ಯರನ್ನು ಕೇಳಿ, ಬಟವಾಡೆ ವಿವರಕ್ಕೆ ನಿಮ್ಮ ಡೇರಿ ಕಾರ್ಯದರ್ಶಿಯವರನ್ನು ಕೇಳಿ. ಈ ಎರಡು ಕಾಗದ ಪತ್ರದ ಜೊತೆ ಹೋದರೆ ನಿಮ್ಮ ಕಷ್ಟ ಬಾಯಿಮಾತಾಗಿ ಉಳಿಯುವುದಿಲ್ಲ.